ಅನುಮಾನದ ಕ್ಲೇಮನ್ನು ತನಿಖೆಗೆ ಕಳಿಸಲು ಮೆಮೊ ಬರೆಯುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಒಂದು ಜನರಲ್ ಇನ್ಶೂರೆನ್ಸ್ ಕಂಪನಿಯ ಶಾಖೆಯಲ್ಲಿ ವಾಹನಗಳ ಕ್ಲೇಮು ನೋಡಿಕೊಳ್ಳುತ್ತೇನೆ. ವಂಚನೆಯ ಲಕ್ಷಣ ಕಂಡ ಕ್ಲೇಮುಗಳನ್ನು ವಿಶೇಷ ತನಿಖಾ ಘಟಕಕ್ಕೆ ಕಳಿಸಿ ಅಂತ ಸಿಬ್ಬಂದಿಗೆ ಒಂದು ಮೆಮೊ ಬರೆಯಬೇಕಾಗಿದೆ. ಕರಡು ಓದಿದ ಸಹೋದ್ಯೋಗಿಯೊಬ್ಬರು "ಇದನ್ನ ಓದಿದ್ರೆ ನಮ್ಮ ಗ್ರಾಹಕರೆಲ್ಲ ಕಳ್ಳರು ಅನ್ಸುತ್ತೆ" ಅಂದರು. ಯಾರ ಮೇಲೂ ಆರೋಪ ಹೊರಿಸದೆ ಇದನ್ನು ಹೇಗೆ ಬರೆಯಲಿ?

ಉತ್ತರ: ನಿಮ್ಮ ಕರಡನ್ನು ನಾನು ನೋಡಿಲ್ಲ. ಆದರೂ ಎಲ್ಲಿ ಎಡವಿರಬಹುದು ಅಂತ ಊಹಿಸಬಲ್ಲೆ. ಇಂಥ ಮೆಮೊ ಬರೆಯುವವರು ಮೊದಲು ಮಾಡುವ ಕೆಲಸ ಅಂದರೆ ಹೆಡ್ ಆಫೀಸಿನಿಂದ ಬಂದ "ಅನುಮಾನದ ಲಕ್ಷಣಗಳ" ಪಟ್ಟಿಯನ್ನು ಹಾಗೇ ಇಳಿಸಿಬಿಡುವುದು. ತಡವಾಗಿ ತಿಳಿಸಿದ ಕ್ಲೇಮು. ರಾತ್ರಿ ಆದ ಅಪಘಾತ. ಸಾಕ್ಷಿ ಇಲ್ಲ, ಇದ್ದರೂ ಸಂಬಂಧಿಕರು. ನಗದಿನಲ್ಲಿ ಕೊಟ್ಟ ಹಣ, ಕೈಬರಹದ ಬಿಲ್ಲು. ಪೆಟ್ಟಾದ ಜಾಗದಲ್ಲಿ ತುಕ್ಕು.

ಈ ಪಟ್ಟಿಯನ್ನು ಹಿಡಿದುಕೊಂಡು ಜುಲೈ ತಿಂಗಳಲ್ಲಿ ಹೊಸನಗರದ ಕಡೆ ಒಂದು ಸುತ್ತು ಹೋಗಿ ಬನ್ನಿ. ಅರ್ಧ ತಾಲ್ಲೂಕು ಅನುಮಾನದಲ್ಲಿ ಸಿಕ್ಕಿಬೀಳುತ್ತದೆ. ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಗುತ್ತದೆ, ಕ್ಲೇಮು ತಿಳಿಸುವುದು ನಾಲ್ಕು ದಿನ ತಡವಾಗುತ್ತದೆ. ಮಳೆಗಾಲದಲ್ಲಿ ರಾತ್ರಿ ಎಂಟು ಗಂಟೆಯ ಮೇಲೆ ರಸ್ತೆಯಲ್ಲಿ ಸಾಕ್ಷಿ ಹೇಳಲು ಯಾರೂ ಇರುವುದಿಲ್ಲ. ಗಾಡಿ ಚರಂಡಿಗೆ ಇಳಿದರೆ ಮೇಲೆತ್ತಲು ಬರುವವರು ಭಾವನೋ, ಪಕ್ಕದ ತೋಟದವರೋ. ಅವರ ಜೀಪಿನ ಬಾಡಿಗೆಗೆ ಯಾರು ಬಿಲ್ಲು ಕೊಡುತ್ತಾರೆ? ಇನ್ನು ತುಕ್ಕು. ಬಯಲುಸೀಮೆಯಲ್ಲಿ ಬಣ್ಣ ಕಿತ್ತ ತಗಡಿನ ಮೇಲೆ ತುಕ್ಕು ಕಂಡರೆ ಹಳೆಯ ಪೆಟ್ಟು ಅನ್ನಲು ಸ್ವಲ್ಪ ಆಧಾರ ಇರಬಹುದು. ನಮ್ಮ ಮಳೆಯಲ್ಲಿ ಬರೀ ತಗಡು ಒಂದೆರಡು ದಿನಕ್ಕೇ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಗುರುತು ಇಲ್ಲಿ ಏನನ್ನೂ ಹೇಳುವುದಿಲ್ಲ.

ತಡದ ವಿಷಯವನ್ನಂತೂ ಮೆಮೊದಲ್ಲಿ ಬಹಳ ಹುಷಾರಾಗಿ ಬರೆಯಬೇಕು. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮನ್ನು ತಿರಸ್ಕರಿಸಬೇಡಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ವಾಹನ ಕಳವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದೇ ಮಾತನ್ನು ಹೇಳಿತು. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಿದ್ದು ತಡವಾಯಿತು ಎಂಬುದಷ್ಟೇ ಕ್ಲೇಮು ನಿರಾಕರಿಸಲು ಕಾರಣ ಆಗುವುದಿಲ್ಲ. ಹಾಗಾಗಿ ತಡವನ್ನು ನೀವು ಲಕ್ಷಣ ಎಂದು ಬರೆದರೆ, ಅದರ ಪಕ್ಕದಲ್ಲೇ "ಕಾರಣ ಕೇಳಿ ಬರೆದುಕೊಳ್ಳಿ" ಅಂತಲೂ ಇರಬೇಕು.

ಹಾಗಾದರೆ ಲಕ್ಷಣ ಅಂದರೆ ಯಾವುದು? ನಾನು ಸಿಬ್ಬಂದಿಗೆ ಹೇಳಿಕೊಡುತ್ತಿದ್ದದ್ದು ಇಷ್ಟೇ. ಒಂದೇ ಫೈಲಿನಲ್ಲಿ ಎರಡು ದಾಖಲೆ ಒಂದಕ್ಕೊಂದು ಹೊಂದದಿದ್ದರೆ ಅದು ಲಕ್ಷಣ. ಫಾರಂನಲ್ಲಿ ಒಂದು ತಾರೀಕು, ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ಇನ್ನೊಂದು. ಅಪಘಾತ ಆದ ರೀತಿ ಹೀಗೆ ಅಂತ ಬರೆದಿದ್ದಾರೆ, ಫೋಟೋದಲ್ಲಿ ಪೆಟ್ಟು ಬಿದ್ದ ಜಾಗ ಬೇರೆ. ಮನುಷ್ಯ ಹೇಗೆ ಮಾತಾಡಿದ, ಯಾವ ಊರಿನವನು, ಹಣಕ್ಕೆ ಎಷ್ಟು ಅವಸರ ಮಾಡಿದ, ಇವು ಯಾವುವೂ ಲಕ್ಷಣ ಅಲ್ಲ. ಗಾಡಿ ಇಲ್ಲದೆ ಮಗಳನ್ನು ಕಾಲೇಜಿಗೆ ಬಿಡಲಾಗದವರು ಅವಸರ ಮಾಡದೆ ಇನ್ನೇನು ಮಾಡುತ್ತಾರೆ? ಹೀಗೆ ಲಕ್ಷಣವನ್ನು ಕಾಗದಕ್ಕೆ ಕಟ್ಟಿಹಾಕಿದರೆ ಆರೋಪ ತಾನಾಗೇ ಮೆಮೊದಿಂದ ಆಚೆ ಹೋಗುತ್ತದೆ. ಯಾಕೆಂದರೆ ಹೊಂದದೇ ಇರುವುದು ಎರಡು ಕಾಗದ, ತಪ್ಪು ಯಾರದ್ದು ಎಂಬ ಮಾತು ಇನ್ನೂ ಬಂದೇ ಇಲ್ಲ.

ಒಂದು ಫೈಲನ್ನು ಊಹಿಸಿಕೊಂಡು ಪೂರ್ತಿ ನೋಡೋಣ. ಮೆಮೊದ ಜೊತೆ ಸಿಬ್ಬಂದಿಗೆ ಇಂಥದ್ದೇ ಒಂದು ಮಾದರಿ ಫೈಲು ಕೊಟ್ಟರೆ ಮೆಮೊಗಿಂತ ಜಾಸ್ತಿ ಉಪಯೋಗ ಆಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರ ಕಾರು. ಪಾಲಿಸಿ ಜೂನ್ 8ಕ್ಕೆ ಮುಗಿದಿತ್ತು. ಜೂನ್ 28ಕ್ಕೆ ಮತ್ತೆ ಮಾಡಿಸಿದರು. ನಡುವೆ 20 ದಿನ ಖಾಲಿ ಇದ್ದದ್ದರಿಂದ ಗಾಡಿಯನ್ನು ನೋಡಿ, ಫೋಟೋ ತೆಗೆದು ಪಾಲಿಸಿ ಕೊಡಲಾಗಿದೆ. ಜುಲೈ 7ರ ರಾತ್ರಿ ಎಂಟೂವರೆಗೆ ಮಂಡಗದ್ದೆ ಹತ್ತಿರ ಎದುರಿನ ಬಸ್ಸಿಗೆ ದಾರಿ ಬಿಡಲು ಹೋಗಿ ಮೋರಿಯ ಕಟ್ಟೆಗೆ ಗುದ್ದಿತು ಅಂತ ಫಾರಂನಲ್ಲಿದೆ. ಕಂಪನಿಗೆ ತಿಳಿಸಿದ್ದು ಜುಲೈ 12. ಸರ್ವೇಯರ್ ನೋಡಿದ್ದು 13. ಎಸ್ಟಿಮೇಟ್ ಒಟ್ಟು 1,86,400 ರೂಪಾಯಿ. ಅದರಲ್ಲಿ ಮುಂಭಾಗದ ಬಂಪರ್, ಬಾನೆಟ್, ರೇಡಿಯೇಟರ್, ಎಡ ಹೆಡ್‌ಲೈಟ್ ಇತ್ಯಾದಿಗೆ 1,12,000. ಎಡಗಡೆ ಹಿಂದಿನ ಬಾಗಿಲು ಮತ್ತು ಅದರ ಹಿಂದಿನ ಪ್ಯಾನೆಲ್‌ಗೆ 74,400.

ಸರ್ವೇಯರ್ ಎರಡು ವಿಷಯ ಗಮನಿಸಿದ್ದಾರೆ. ಮುಂಭಾಗದ ಪೆಟ್ಟು ನೆಲದಿಂದ 45ರಿಂದ 60 ಸೆಂಟಿಮೀಟರ್ ಎತ್ತರದಲ್ಲಿದೆ, ಅದರಲ್ಲಿ ಸಿಮೆಂಟಿನ ಪುಡಿ ಅಂಟಿದೆ. ಹಿಂದಿನ ಬಾಗಿಲಿನ ತಗ್ಗು 80 ಸೆಂಟಿಮೀಟರ್ ಎತ್ತರದಲ್ಲಿದೆ, ಅಲ್ಲಿ ಸಿಮೆಂಟ್ ಇಲ್ಲ, ನೀಲಿ ಬಣ್ಣದ ಗೀರು ಇದೆ. ಶಾಖೆಯಲ್ಲಿ ಫೈಲು ತೆರೆದವರಿಗೆ ಇನ್ನೂ ಎರಡು ವಿಷಯ ಕಂಡಿದೆ. ಕ್ಲೇಮು ಫಾರಂನಲ್ಲಿ ಸಹಿ ಒಂದು ಶಾಯಿ, ಬರಹ ಇನ್ನೊಂದು ಶಾಯಿ. "ಎಡಬದಿ ಪೂರ್ತಿ ಉಜ್ಜಿದೆ" ಎಂಬ ಸಾಲು ಕೊನೆಯಲ್ಲಿ ಸೇರಿಸಿದ ಹಾಗಿದೆ. ಪಾಲಿಸಿ ಕೊಡುವ ಮುಂಚೆ ತೆಗೆದ ಫೋಟೋಗಳಲ್ಲಿ ಎಡಬದಿಯ ಫೋಟೋ ಮಾತ್ರ ಕತ್ತಲಾಗಿದೆ, ಹಿಂದಿನ ಬಾಗಿಲು ಕಾಣುವುದಿಲ್ಲ.

ಇದನ್ನು ನೋಡಿದ ಹೊಸ ಹುಡುಗರೊಬ್ಬರು ತನಿಖಾ ಘಟಕಕ್ಕೆ ಹೀಗೆ ಬರೆಯುತ್ತಾರೆ ಅಂತಿಟ್ಟುಕೊಳ್ಳಿ:

> ಪಾಲಿಸಿ ಇಲ್ಲದಿದ್ದಾಗ ಆದ ಅಪಘಾತವನ್ನು ಈಗ ತೋರಿಸುತ್ತಿದ್ದಾರೆ. ಗ್ಯಾರೇಜಿನವರ ಜೊತೆ ಸೇರಿ ಸುಳ್ಳು ಕ್ಲೇಮು ಹಾಕಿದ್ದಾರೆ. ಐದು ದಿನ ಬೇಕಂತಲೇ ತಡ ಮಾಡಿದ್ದಾರೆ.

ಮೂರು ವಾಕ್ಯ. ಮೂರರಲ್ಲೂ ಫೈಲಿನಲ್ಲಿ ಇಲ್ಲದ ವಿಷಯ ಇದೆ. ಅಪಘಾತ ಯಾವಾಗ ಆಯಿತು ಅಂತ ಬರೆದವರಿಗೆ ಗೊತ್ತಿಲ್ಲ. ಯಾರು ಯಾರ ಜೊತೆ ಸೇರಿದರು ಅಂತ ಗೊತ್ತಿಲ್ಲ. ತಡಕ್ಕೆ ಕಾರಣ ಏನು ಅಂತ ಕೇಳಿಯೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಸರ್ವೇಯರ್ ಅಳೆದ ಎತ್ತರ, ನೀಲಿ ಗೀರು, ಎರಡು ಶಾಯಿ, ಇವು ಯಾವುವೂ ಆ ಚೀಟಿಯಲ್ಲಿ ಇಲ್ಲ. ತನಿಖೆ ಮಾಡುವವರಿಗೆ ಬೇಕಾದದ್ದು ಬಿಟ್ಟುಹೋಗಿದೆ, ಬೇಡದ್ದು ತುಂಬಿದೆ. ಇಂಥ ಚೀಟಿ ಓದಿದ ತನಿಖಾಧಿಕಾರಿ ಹಳೆಯ ಅಪಘಾತವನ್ನೇ ಹುಡುಕಿಕೊಂಡು ಹೋಗುತ್ತಾರೆ, ಬೇರೆ ಕಡೆ ಕಣ್ಣು ಹಾಯಿಸುವುದಿಲ್ಲ.

ಅದೇ ಫೈಲನ್ನು ಹೀಗೆ ಬರೆಯಬಹುದು:

> ಫಾರಂ ಪ್ರಕಾರ ಗಾಡಿಯ ಮುಂಭಾಗ ಮೋರಿಯ ಕಟ್ಟೆಗೆ ಗುದ್ದಿದೆ. ಸರ್ವೇಯರ್ ಫೋಟೋ 4 ಮತ್ತು 5ರಲ್ಲಿ ಮುಂಭಾಗದ ಪೆಟ್ಟು 45–60 ಸೆಂ.ಮೀ. ಎತ್ತರದಲ್ಲಿದೆ, ಸಿಮೆಂಟಿನ ಗುರುತು ಇದೆ. ಫೋಟೋ 9ರಲ್ಲಿ ಎಡಗಡೆ ಹಿಂದಿನ ಬಾಗಿಲಿನ ತಗ್ಗು 80 ಸೆಂ.ಮೀ. ಎತ್ತರದಲ್ಲಿದೆ, ನೀಲಿ ಗೀರು ಇದೆ. ಎರಡೂ ಒಂದೇ ಅಪಘಾತದಲ್ಲಿ ಆದವೇ ಎಂಬುದು ಫೈಲಿನಿಂದ ತಿಳಿಯುತ್ತಿಲ್ಲ.
>
> ಫಾರಂನ ಸಹಿ ಮತ್ತು ಬರಹದ ಶಾಯಿ ಬೇರೆ ಬೇರೆ. ವಿವರ ಯಾರು ಬರೆದರು ಎಂದು ಇನ್ನೂ ಕೇಳಿಲ್ಲ.
>
> ಜೂನ್ 28ರ ತಪಾಸಣೆಯ ಎಡಬದಿ ಫೋಟೋ ಕತ್ತಲಾಗಿದೆ. ಮೂಲ ಫೋಟೋ ಸಿಗಬಹುದೇ ನೋಡಬೇಕು.
>
> ತಿಳಿಸಿದ್ದು 5 ದಿನ ತಡ. ಮರ ಬಿದ್ದು ಕರೆಂಟ್, ನೆಟ್‌ವರ್ಕ್ ಇರಲಿಲ್ಲ ಎಂದು ಗ್ರಾಹಕರು ಫೋನಿನಲ್ಲಿ ಹೇಳಿದರು.
>
> ನಮ್ಮ ದಾಖಲೆಯಲ್ಲಿ ಇವರ ಹಿಂದಿನ ಕ್ಲೇಮು ಇಲ್ಲ. ಕೇಳಿದ ಕಾಗದಗಳನ್ನೆಲ್ಲ ಕೊಟ್ಟಿದ್ದಾರೆ. ಗಾಡಿ ಗ್ಯಾರೇಜಿನಲ್ಲೇ ಇದೆ, ರಿಪೇರಿ ಶುರುವಾಗಿಲ್ಲ.

ಕೊನೆಯ ಪ್ಯಾರಾ ನೋಡಿ. ಗ್ರಾಹಕರಿಗೆ ಅನುಕೂಲವಾದ ವಿಷಯವೂ ಅದರಲ್ಲಿದೆ. ಇದು ಇರಲೇಬೇಕು ಅಂತ ಮೆಮೊದಲ್ಲಿ ಖಡಾಖಂಡಿತ ಬರೆಯಿರಿ. ಅನುಮಾನದ ಅಂಶಗಳನ್ನಷ್ಟೇ ಹೆಕ್ಕಿ ಕಳಿಸಿದರೆ, ಒಂದೊಂದೂ ನಿಜವೇ ಆಗಿದ್ದರೂ ಒಟ್ಟಿಗೆ ಓದಿದಾಗ ಅದು ಆರೋಪವೇ ಆಗುತ್ತದೆ. ಆರೋಪದ ಮಾತು ಬಳಸದೆ ಆರೋಪ ಮಾಡುವ ದಾರಿ ಇದು. ಬಹಳ ಫೈಲುಗಳಲ್ಲಿ ಇದನ್ನು ನೋಡಿದ್ದೇನೆ. "ಒಪ್ಪಿಕೊಂಡರು", "ಸಬೂಬು ಹೇಳಿದರು" ಅನ್ನುವಂಥ ಮಾತುಗಳೂ ಇದೇ ಜಾತಿಗೆ ಸೇರಿದವು. "ಹೇಳಿದರು" ಅಂದರೆ ಸಾಕಲ್ವಾ?

ಈ ಫೈಲು ತನಿಖೆಗೆ ಹೋದರೆ ಏನಾಗುತ್ತದೆ? ತನಿಖಾಧಿಕಾರಿ ಮೊದಲು ಮೋರಿಯ ಹತ್ತಿರ ಹೋಗುತ್ತಾರೆ. ಅಲ್ಲಿ ಹೆಡ್‌ಲೈಟಿನ ಚೂರು ಸಿಗುತ್ತದೆ. ಕಟ್ಟೆಯ ಎತ್ತರ ಅಳೆದರೆ 58 ಸೆಂಟಿಮೀಟರ್. ಅಂದರೆ ಮುಂಭಾಗದ ಪೆಟ್ಟಿಗೆ ಹೊಂದುತ್ತದೆ, ಹಿಂದಿನ ಬಾಗಿಲಿಗೆ ಹೊಂದುವುದಿಲ್ಲ. ತಪಾಸಣೆಯ ಮೂಲ ಫೋಟೋವನ್ನು ತರಿಸಿ ಬೆಳಕು ಹೆಚ್ಚಿಸಿ ನೋಡಿದರೆ ಬಾಗಿಲಿನ ತಗ್ಗು ಜೂನ್ 28ಕ್ಕೇ ಇತ್ತು. ಆಮೇಲೆ ಗ್ರಾಹಕರ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಅವತ್ತು ಗಾಡಿಗೆ ಎಲ್ಲೆಲ್ಲಿ ಪೆಟ್ಟಾಯ್ತು?" ಅವರು ಹೇಳುತ್ತಾರೆ, "ಮುಂದೆ ಅಷ್ಟೇ. ಹಿಂದಿನ ಬಾಗಿಲು ಹೋದ ವರ್ಷ ನಮ್ಮನೆ ಅಂಗಳದಲ್ಲೇ ಟ್ರ್ಯಾಕ್ಟರ್ ಟ್ರೈಲರ್ ತಾಗಿದ್ದು." ಟ್ರೈಲರಿನ ಬಣ್ಣ ನೀಲಿ. ಫಾರಂ? "ಖಾಲಿ ಫಾರಂಗೆ ಸಹಿ ಹಾಕಿ ಕೊಡಿ, ನಾವು ಬರ್ಕೋತೀವಿ ಅಂತ ಗ್ಯಾರೇಜಲ್ಲಿ ಹೇಳಿದ್ರು."

ಮೊದಲ ಚೀಟಿ ಬರೆದವರ ಊಹೆ ಎರಡೂ ಕಡೆ ತಪ್ಪಿತು. ಅಪಘಾತ ಪಾಲಿಸಿ ಇದ್ದಾಗಲೇ ಆಗಿತ್ತು, ನಿಜವಾಗಿಯೂ ಆಗಿತ್ತು. ಗ್ರಾಹಕರು ಸುಳ್ಳು ಹೇಳಿರಲಿಲ್ಲ. ಅನುಮಾನ ಮಾತ್ರ ಸುಳ್ಳಲ್ಲ, ಅಲ್ಲಿ 74,400 ರೂಪಾಯಿ ಸೇರಿಕೊಂಡಿತ್ತು. ಕ್ಲೇಮಿನಲ್ಲಿ ಮುಂಭಾಗದ ಮೊತ್ತ ಮಾತ್ರ ಸಂದಾಯವಾಗುತ್ತದೆ. ಭಾಗಗಳ ಸವಕಳಿ ಮತ್ತು ಸಣ್ಣ ಕಾರುಗಳಿಗೆ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿಯನ್ನು ಅದರಲ್ಲಿ ಕಳೆಯುತ್ತಾರೆ. ಗ್ಯಾರೇಜಿನ ವಿಷಯ ಬೇರೆ ದಾರಿಯಲ್ಲಿ ಹೋಗುತ್ತದೆ. ಅಲ್ಲೂ ದುಡುಕುವ ಹಾಗಿಲ್ಲ. "ಗಾಡಿಗೆ ಏನೇನು ಕೆಲಸ ಇದೆ ಅಷ್ಟಕ್ಕೂ ಒಂದೇ ಎಸ್ಟಿಮೇಟ್ ಹಾಕಿದ್ವಿ, ನೀವು ಬೇಕಾದ್ದು ತಗೋತೀರ ಅಂತ" ಎಂದು ಗ್ಯಾರೇಜಿನವರು ಹೇಳಬಹುದು. ಎಸ್ಟಿಮೇಟಿಗೆ ಈ ಉತ್ತರ ಹೊಂದುತ್ತದೆ. ಫಾರಂನಲ್ಲಿ ಸೇರಿಸಿದ ಆ ಒಂದು ಸಾಲಿಗೆ ಹೊಂದುವುದಿಲ್ಲ. ಅದೇ ಗ್ಯಾರೇಜಿನ ಬೇರೆ ಫೈಲುಗಳಲ್ಲೂ ಇದೇ ಕೈಬರಹ ಇದೆಯೇ ಅಂತ ನೋಡುವುದು ತನಿಖಾ ಘಟಕದ ಕೆಲಸ. ಶಾಖೆಯ ಕೆಲಸ ಅಲ್ಲ.

ವಂಚನೆ ಅಂದಕೂಡಲೇ ಗ್ರಾಹಕರ ಮುಖವೇ ಕಣ್ಣ ಮುಂದೆ ಬರುವುದು ನಮ್ಮ ಅಭ್ಯಾಸ. ನಿಯಂತ್ರಣ ಪ್ರಾಧಿಕಾರ 2013ರಲ್ಲಿ ಹೊರಡಿಸಿದ ವಂಚನೆ ನಿಗಾ ಸುತ್ತೋಲೆಯಲ್ಲೇ ಮೂರು ಬಗೆ ಹೇಳಿತ್ತು. ಪಾಲಿಸಿದಾರರ ಅಥವಾ ಕ್ಲೇಮಿನ ವಂಚನೆ ಒಂದು. ಏಜೆಂಟರು, ಮಧ್ಯವರ್ತಿಗಳು ಮಾಡುವುದು ಇನ್ನೊಂದು. ಕಂಪನಿಯ ಒಳಗಿನವರೇ ಮಾಡುವುದು ಮೂರನೆಯದು. ಎರಡನೆಯದರಲ್ಲಿ ಗ್ರಾಹಕರೇ ಮೋಸ ಹೋದವರೂ ಆಗಿರಬಹುದು. ನಿಮ್ಮ ಮೆಮೊ "ಗ್ರಾಹಕರ ವಂಚನೆ" ಅಂತ ಶುರುವಾಗಿದ್ದರೆ ಆ ತಲೆಬರಹವನ್ನು ಮೊದಲು ತೆಗೆಯಿರಿ. "ಹೊಂದದ ದಾಖಲೆಗಳಿರುವ ಕ್ಲೇಮುಗಳನ್ನು ಕಳಿಸುವ ಬಗ್ಗೆ" ಅಂದರೆ ಸಾಕು.

ಕಾನೂನಿನ ಕಡೆಯಿಂದಲೂ ಇದಕ್ಕೆ ಗಟ್ಟಿ ಕಾರಣ ಇದೆ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ವಂಚನೆ ಅಂದರೆ ಅದರಲ್ಲಿ ಮೋಸ ಮಾಡುವ ಉದ್ದೇಶ ಇರಬೇಕು. ಉದ್ದೇಶ ಅನ್ನುವುದು ಕ್ಲೇಮು ಫೈಲಿನಲ್ಲಿ ಕಾಣುವ ವಸ್ತು ಅಲ್ಲ. ಕಂಪನಿ ವಂಚನೆ ಅಂತ ಹೇಳಿದರೆ ಅದನ್ನು ಸಾಬೀತು ಮಾಡುವ ಹೊಣೆಯೂ ಕಂಪನಿಯದ್ದೇ. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ಹೋದರೆ, ಶಾಖೆಯವರು ಬರೆದ ಚೀಟಿ ಕೂಡ ಅಲ್ಲಿಗೆ ಬರಬಹುದು. ಸರ್ಕಾರಿ ಕಂಪನಿಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಬರಬಹುದು. ತನಿಖೆಯೇ ಆಗದೆ "ಸುಳ್ಳು ಕ್ಲೇಮು" ಅಂತ ಮೊದಲ ದಿನವೇ ಬರೆದ ಚೀಟಿ ಅಲ್ಲಿ ಓದಿಸಿದರೆ, ಕಂಪನಿ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು ಅಂತ ವಕೀಲರು ಹೇಳುವುದಕ್ಕೆ ನಾವೇ ಸಾಮಾನು ಒದಗಿಸಿದ ಹಾಗೆ.

ಮಾನನಷ್ಟದ ಭಯ ಸಿಬ್ಬಂದಿಗೆ ಇದ್ದೇ ಇರುತ್ತದೆ. ಅದನ್ನೂ ಮೆಮೊದಲ್ಲಿ ಮುಟ್ಟುವುದು ಒಳ್ಳೆಯದು. ಹಳೆಯ ದಂಡ ಸಂಹಿತೆಯ 499ನೇ ಸೆಕ್ಷನ್‌ನಲ್ಲಿ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿದೆ. ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಒಳ್ಳೆಯ ನಂಬಿಕೆಯಿಂದ ಹೇಳಿದ ಮಾತಿಗೆ ಅದರಲ್ಲೇ ವಿನಾಯಿತಿ ಇದೆ. ಆದರೆ ಆ ವಿನಾಯಿತಿಯ ನೆರಳು ಎಲ್ಲಿಯವರೆಗೆ ಬೀಳುತ್ತದೆ ನೋಡಿ. ಸಂಬಂಧಪಟ್ಟ ಅಧಿಕಾರಿಗೆ, ಎಚ್ಚರದಿಂದ, ಆಧಾರ ತೋರಿಸಿ ಬರೆದದ್ದು ಅದರೊಳಗೆ ಬರುತ್ತದೆ. ಅದೇ ಮಾತನ್ನು ಶಾಖೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ, ಗ್ಯಾರೇಜಿನ ಮುಂದೆ ಟೀ ಕುಡಿಯುತ್ತಾ ಹೇಳಿದರೆ, ಅದಕ್ಕೆ ಒಳ್ಳೆಯ ನಂಬಿಕೆ ಅನ್ನುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಒಂದು ಮಾದರಿ ಕೊಡುತ್ತೇನೆ. ನಿಮ್ಮ ಕಂಪನಿಯ ಪದ್ಧತಿಗೆ ತಕ್ಕಂತೆ ಬದಲಿಸಿಕೊಳ್ಳಿ. ಉದ್ದ ಮಾತ್ರ ಮಾಡಬೇಡಿ, ಒಂದು ಪುಟ ದಾಟಿದ ಮೆಮೊವನ್ನು ಯಾರೂ ಓದುವುದಿಲ್ಲ.

> ವಿಷಯ: ಹೊಂದದ ದಾಖಲೆಗಳಿರುವ ಕ್ಲೇಮುಗಳನ್ನು ವಿಶೇಷ ತನಿಖಾ ಘಟಕಕ್ಕೆ ಕಳಿಸುವ ಬಗ್ಗೆ
>
> ಕ್ಲೇಮಿನ ಫೈಲಿನಲ್ಲಿ ಎರಡು ದಾಖಲೆ, ಅಥವಾ ದಾಖಲೆ ಮತ್ತು ಸರ್ವೇಯರ್ ಕಂಡದ್ದು, ಒಂದಕ್ಕೊಂದು ಹೊಂದದಿದ್ದರೆ ಮೊದಲು ಗ್ರಾಹಕರನ್ನು ಅಥವಾ ಸರ್ವೇಯರ್ ಅವರನ್ನು ಸಾಮಾನ್ಯ ರೀತಿಯಲ್ಲಿ ಕೇಳಿ. ಉತ್ತರ ಸಿಕ್ಕಿ ಹೊಂದಿದರೆ ಫೈಲಿನಲ್ಲಿ ಬರೆದು ಮುಂದುವರಿಯಿರಿ. ಹೊಂದದಿದ್ದರೆ, ಅಥವಾ ಕೇಳುವುದರಿಂದಲೇ ದಾಖಲೆ ಬದಲಾಗುವ ಸಾಧ್ಯತೆ ಇದ್ದರೆ, ಅದೇ ದಿನ ತನಿಖಾ ಘಟಕಕ್ಕೆ ಕಳಿಸಿ.
>
> ಚೀಟಿಯಲ್ಲಿ ಏನು ಕಂಡಿತು, ಯಾವ ಕಾಗದದಲ್ಲಿ ಕಂಡಿತು, ಏನು ಹೊಂದುತ್ತಿಲ್ಲ ಎಂದು ಬರೆಯಿರಿ. ಗ್ರಾಹಕರು ಕೊಟ್ಟ ಕಾರಣವನ್ನು ಅವರ ಮಾತಿನಲ್ಲೇ ಬರೆಯಿರಿ. ಕ್ಲೇಮಿಗೆ ಅನುಕೂಲವಾದ ಅಂಶಗಳನ್ನೂ ಬರೆಯಿರಿ. ಯಾರು ತಪ್ಪು ಮಾಡಿದರು, ಯಾಕೆ ಮಾಡಿದರು ಎಂದು ಬರೆಯಬೇಡಿ. ಊರು, ಜಾತಿ, ಧರ್ಮ, ಉದ್ಯೋಗ ಕಾರಣವಾಗಬಾರದು.
>
> ಮಳೆಗಾಲದಲ್ಲಿ ತಿಳಿಸಲು ತಡವಾದುದು, ಸಾಕ್ಷಿ ಇಲ್ಲದಿರುವುದು, ತುಕ್ಕು, ಇವುಗಳಲ್ಲಿ ಯಾವುದೂ ಒಂಟಿಯಾಗಿ ಕಳಿಸಲು ಕಾರಣವಲ್ಲ.
>
> ತನಿಖೆಗೆ ಕಳಿಸುವುದು ತೀರ್ಮಾನವಲ್ಲ. ಫೈಲಿನ ಉಳಿದ ಕೆಲಸ ನಿಲ್ಲಬಾರದು. ಕಳಿಸಿದ ವಿಷಯ ನೀವು, ನಿಮ್ಮ ಮೇಲಧಿಕಾರಿ ಮತ್ತು ತನಿಖಾ ಘಟಕದ ಆಚೆ ಹೋಗಬಾರದು.
>
> ಒಳ್ಳೆಯ ನಂಬಿಕೆಯಿಂದ ಕಳಿಸಿದ ಕ್ಲೇಮಿನಲ್ಲಿ ಏನೂ ಸಿಗದಿದ್ದರೆ ಕಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. ಇಷ್ಟು ಕ್ಲೇಮು ಕಳಿಸಬೇಕೆಂಬ ಗುರಿಯೂ ಇಲ್ಲ.

ಕೊನೆಯ ಸಾಲನ್ನು ಬಿಡಬೇಡಿ. ಕೆಲವು ಕಡೆ ತಿಂಗಳಿಗೆ ಇಷ್ಟು ಫೈಲು ತನಿಖೆಗೆ ಹೋಗಲೇಬೇಕು ಅಂತ ಬಾಯಿಮಾತಿನಲ್ಲಿ ಹೇಳುವ ಪದ್ಧತಿ ಇದೆ. ಗುರಿ ಬಂತು ಅಂದರೆ ತಿಂಗಳ ಕೊನೆಯಲ್ಲಿ ಸಿಕ್ಕವರೆಲ್ಲ ಅನುಮಾನದವರಾಗುತ್ತಾರೆ. ಅಷ್ಟು ಫೈಲು ಗುಡ್ಡೆ ಬಿದ್ದ ಮೇಲೆ ತನಿಖಾ ಘಟಕದವರು ನಿಜವಾಗಿ ನೋಡಬೇಕಾದ್ದನ್ನು ನೋಡುವುದು ತಡವಾಗುತ್ತದೆ.

"ಉಳಿದ ಕೆಲಸ ನಿಲ್ಲಬಾರದು" ಅಂದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೈಲು ತನಿಖೆಗೆ ಹೋಯಿತು ಅಂತ ಗಡಿಯಾರ ನಿಲ್ಲುವುದಿಲ್ಲ. ನಿಯಂತ್ರಣ ಪ್ರಾಧಿಕಾರದ 2024ರ ಮಾಸ್ಟರ್ ಸುತ್ತೋಲೆ ಪ್ರಕಾರ ಸರ್ವೇಯರ್ ನೇಮಕ 24 ಗಂಟೆಯಲ್ಲಿ, ವರದಿ 15 ದಿನದಲ್ಲಿ, ವರದಿ ಬಂದ ಮೇಲೆ ಕಂಪನಿಯ ತೀರ್ಮಾನ 7 ದಿನದಲ್ಲಿ ಆಗಬೇಕು. ಹಾಗಾಗಿ ಸರ್ವೇ ಆದ ಮರುದಿನ ಕಳಿಸಿದ ಚೀಟಿಗೂ, ವರದಿ ಬಂದು ಐದನೆಯ ದಿನ ಕಳಿಸಿದ ಚೀಟಿಗೂ ಬಹಳ ವ್ಯತ್ಯಾಸ. ಮೊದಲನೆಯದರಲ್ಲಿ ಮೋರಿಯ ಹತ್ತಿರ ಹೋಗಲು ಸಮಯ ಇದೆ, ಮಳೆಗೆ ಗಾಜಿನ ಚೂರು ಕೊಚ್ಚಿ ಹೋಗಿರುವುದಿಲ್ಲ. ಎರಡನೆಯದರಲ್ಲಿ ಕ್ಲೇಮು ಸುಮ್ನೆ ತೂಗುಹಾಕಿದ ಹಾಗಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಸರ್ವೇಯರ್ ಮುಂಭಾಗ ಮತ್ತು ಹಿಂಭಾಗದ ಮೊತ್ತವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿಟ್ಟರೆ, ಪ್ರಶ್ನೆ ಇಲ್ಲದ ಮುಂಭಾಗದ ಕೆಲಸಕ್ಕೆ ತಡ ಮಾಡುವ ಕಾರಣ ಕಡಿಮೆಯಾಗುತ್ತದೆ.

ಗ್ರಾಹಕರು ಫೋನ್ ಮಾಡಿ "ಏನಾಯ್ತು ಸರ್ ನನ್ನ ಕ್ಲೇಮು?" ಅಂದಾಗ ಏನು ಹೇಳುವುದು? ಇಲ್ಲಿ ಸಿಬ್ಬಂದಿ ಎರಡು ತುದಿಗೆ ಹೋಗುತ್ತಾರೆ. ಕೆಲವರು ಸುಳ್ಳು ಹೇಳುತ್ತಾರೆ: "ಸರ್ವರ್ ಡೌನ್ ಇದೆ." ಇನ್ನು ಕೆಲವರು ಎಲ್ಲ ಹೇಳಿಬಿಡುತ್ತಾರೆ: "ನಿಮ್ಮ ಕ್ಲೇಮಿನ ಮೇಲೆ ಡೌಟ್ ಬಂದಿದೆ, ಇನ್ವೆಸ್ಟಿಗೇಶನ್‌ಗೆ ಹೋಗಿದೆ." ಎರಡೂ ಬೇಡ. "ಹಿಂದಿನ ಬಾಗಿಲಿನ ಪೆಟ್ಟಿನ ಬಗ್ಗೆ ಇನ್ನೂ ಸ್ವಲ್ಪ ಮಾಹಿತಿ ಬೇಕಾಗಿದೆ. ನಮ್ಮ ಕಡೆಯವರು ಈ ವಾರ ನಿಮ್ಮನ್ನು ಭೇಟಿ ಮಾಡುತ್ತಾರೆ. ಹಳೆಯ ರಿಪೇರಿ ಬಿಲ್ಲು ಇದ್ದರೆ ತೆಗೆದಿಟ್ಟಿರಿ." ಇದರಲ್ಲಿ ಸುಳ್ಳಿಲ್ಲ, ಆರೋಪವೂ ಇಲ್ಲ. ಬೇಕಾದ ಕಾಗದಗಳನ್ನು ಒಂದೇ ಸಲ ಕೇಳಿ. ದಿನಕ್ಕೊಂದು ಕಾಗದ ಕೇಳುತ್ತಾ ಹೋದರೆ ಜನಕ್ಕೆ ಅರ್ಥವಾಗುತ್ತದೆ, ಸಿಟ್ಟೂ ಬರುತ್ತದೆ.

ಏಜೆಂಟರ ವಿಷಯ ಬೇರೆಯೇ. ನಮ್ಮ ಕಡೆ ಗ್ರಾಹಕರ ಪರವಾಗಿ ಫೋನ್ ಮಾಡುವವರು ಹೆಚ್ಚಾಗಿ ಏಜೆಂಟರು. ಒಳ್ಳೆಯವರೇ ಇರುತ್ತಾರೆ, ಗ್ರಾಹಕರ ಪಕ್ಕದ ಮನೆಯವರೂ ಆಗಿರುತ್ತಾರೆ. ಆದರೂ ಕ್ಲೇಮು ತನಿಖೆಗೆ ಹೋದದ್ದನ್ನು ಅವರಿಗೆ ಹೇಳಿದರೆ ಸಂಜೆಯೊಳಗೆ ಸಹಕಾರ ಸಂಘದ ಕಟ್ಟೆಯಲ್ಲಿ ಸುದ್ದಿ ಇರುತ್ತದೆ. ಆಮೇಲೆ ಪೂರ್ತಿ ಮೊತ್ತ ಕೊಟ್ಟರೂ "ಅವರ ಇನ್ಶೂರೆನ್ಸ್ ಏನೋ ಗೋಲ್‌ಮಾಲ್ ಅಂತೆ" ಅನ್ನುವುದು ಹೋಗುವುದಿಲ್ಲ. ಗ್ರಾಹಕರಿಗೆ ಹೇಳಿದ್ದನ್ನೇ ಏಜೆಂಟರಿಗೂ ಹೇಳಿ, ಅದಕ್ಕಿಂತ ಹೆಚ್ಚು ಬೇಡ.

ಇನ್ನೊಂದು ವಿಷಯ, ದೊಡ್ಡ ಊರಿನ ಮೆಮೊಗಳಲ್ಲಿ ಇದು ಕಾಣುವುದೇ ಇಲ್ಲ. ಶಿವಮೊಗ್ಗದಂಥ ಊರಿನಲ್ಲಿ ಕ್ಲೇಮು ಹಾಕಿದವರು ನಿಮ್ಮ ಸಿಬ್ಬಂದಿಯ ಬೀಗರೋ, ಶಾಲೆಯ ಗೆಳೆಯರೋ ಆಗಿರುವುದು ಸಾಮಾನ್ಯ. ಪರಿಚಯ ಇದ್ದರೆ ಎರಡು ರೀತಿ ತಪ್ಪಬಹುದು. ಒಂದು, ಕಳಿಸಬೇಕಾದ್ದನ್ನು ಕಳಿಸದೆ ಬಿಡುವುದು. ಇನ್ನೊಂದು, ಹಳೆಯ ಜಗಳಕ್ಕೆ ಫೈಲು ಕಳಿಸುವುದು. ಗದ್ದೆಯ ಬದುವಿನ ಜಗಳ ಕ್ಲೇಮು ಫೈಲಿನಲ್ಲಿ ತಲೆ ಎತ್ತಿದ್ದನ್ನು ಈ ಕೆಲಸದಲ್ಲಿರುವವರೆಲ್ಲ ನೋಡಿರುತ್ತಾರೆ. ಪರಿಚಯ ಇದ್ದರೆ ಫೈಲಿನಲ್ಲಿ ಒಂದು ಸಾಲು ಬರೆದು ಇನ್ನೊಬ್ಬರಿಗೆ ಕೊಡಬೇಕು ಅಂತ ಮೆಮೊದಲ್ಲಿ ಸೇರಿಸಿ. ಕಾರಣ ಹೇಳುವ ಅಗತ್ಯ ಇಲ್ಲ, ಪರಿಚಯ ಇದೆ ಅಂದರೆ ಆಯಿತು.

ಕೊನೆಯದಾಗಿ, ತನಿಖಾ ಘಟಕದವರಿಂದ ನೀವು ಕೇಳಿ ಪಡೆಯಬೇಕಾದ್ದು ಒಂದಿದೆ. ಹೆಚ್ಚಿನ ಕಡೆ ಫೈಲು ಅಲ್ಲಿಗೆ ಹೋದ ಮೇಲೆ ಶಾಖೆಗೆ ತಿರುಗಿ ಏನೂ ಬರುವುದಿಲ್ಲ. ಕಳಿಸಿದವರಿಗೆ ತನ್ನ ಚೀಟಿ ಸರಿ ಇತ್ತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಪ್ರತಿ ಫೈಲು ಮುಗಿದ ಮೇಲೆ ಎರಡು ಸಾಲು ಸಾಕು: ಯಾವ ಅಂಶ ಉಪಯೋಗಕ್ಕೆ ಬಂತು, ಯಾವುದಕ್ಕೆ ಸರಿಯಾದ ಕಾರಣ ಸಿಕ್ಕಿತು. ಒಂದು ಮಳೆಗಾಲ ಕಳೆದರೆ ಯಾವ ಲಕ್ಷಣಗಳು ನಿಮ್ಮ ತಾಲ್ಲೂಕುಗಳಲ್ಲಿ ಕೆಲಸಕ್ಕೆ ಬರುತ್ತವೆ, ಯಾವುವು ಬರುವುದಿಲ್ಲ ಅನ್ನುವುದಕ್ಕೆ ನಿಮ್ಮದೇ ಪಟ್ಟಿ ಇರುತ್ತದೆ. ಅಕ್ಟೋಬರ್‌ನಲ್ಲಿ ಅದನ್ನು ಇಟ್ಟುಕೊಂಡು ಮೆಮೊವನ್ನು ಒಮ್ಮೆ ತಿದ್ದಿ, ಹೆಡ್ ಆಫೀಸಿಗೂ ಒಂದು ಪ್ರತಿ ಕಳಿಸಿ.